ಶಾದಿ ಮಹಲ್‌ಗೆ ಮುಂಗಡ ಕೊಡುವ ಮುನ್ನ

ಕಳೆದ ವರ್ಷ ನಮ್ಮ ಮನೆಯ ಮದುವೆಗೆ ನಾವು ಮಹಲ್ ಗೊತ್ತು ಮಾಡಿದ್ದು 60,000 ರೂಪಾಯಿ ಬಾಡಿಗೆಗೆ. ಕೊನೆಗೆ ಕಟ್ಟಿದ್ದು 95,950 ರೂಪಾಯಿ. ಬಾಡಿಗೆಯ ಮೇಲೆ ಶೇ. 18 ಜಿಎಸ್‌ಟಿ 10,800, ಶುಚಿತ್ವಕ್ಕೆ 6,000, ವಿದ್ಯುತ್ 250 ಯೂನಿಟ್‌ಗೆ ತಲಾ 15ರಂತೆ 3,750, ಜನರೇಟರ್ ಮೂರು ಗಂಟೆಗೆ 5,400, ಹೆಚ್ಚುವರಿ ಎರಡು ಗಂಟೆಗೆ 10,000. ಜಗಳವಾಡಲು ಹೋದಾಗ ಮ್ಯಾನೇಜರ್ ಹೇಳಿದ್ದು ಒಂದೇ ಮಾತು: “ಸಾಬ್ರೇ, ಇವೆಲ್ಲ ರಸೀದಿ ಹಿಂದೆ ಅಚ್ಚಾಗಿದೆಯಲ್ಲ.” ನಿಜ, ಅಚ್ಚಾಗಿತ್ತು. ಮುಂಗಡ ಕೊಟ್ಟು ರಸೀದಿ ಮಡಚಿ ಜೇಬಿಗಿಟ್ಟವರು ನಾವೇ. ಆ ಅನುಭವದಿಂದ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ನೋಡುವುದು ಯಾವಾಗ?

ಖಾಲಿ ಮಹಲ್ ಯಾವಾಗಲೂ ದೊಡ್ಡದಾಗಿ, ಚೊಕ್ಕಟವಾಗಿಯೇ ಕಾಣುತ್ತದೆ. ಆದ್ದರಿಂದ ಒಮ್ಮೆ ಹಗಲಿನಲ್ಲಿ ನೋಡಿ. ಇನ್ನೊಮ್ಮೆ ಮಾಲೀಕರ ಅನುಮತಿ ಪಡೆದು, ಅಲ್ಲಿ ಬೇರೆ ಮದುವೆ ನಡೆಯುತ್ತಿರುವಾಗ ಊಟದ ಹೊತ್ತಿಗೆ ಹೋಗಿ. ನೀರು ನಿಲ್ಲುತ್ತದೆಯೇ, ಕೈ ತೊಳೆಯುವಲ್ಲಿ ಚರಂಡಿ ಕಟ್ಟುತ್ತದೆಯೇ, ವಾಹನಗಳು ರಸ್ತೆಗೆ ಚಾಚುತ್ತವೆಯೇ ಎಂಬುದು ಆಗ ಮಾತ್ರ ತಿಳಿಯುತ್ತದೆ. ಹೆಂಗಸರ ಕಡೆಯನ್ನು ಮನೆಯ ಹೆಂಗಸರೇ ಹೋಗಿ ನೋಡಲಿ. ಪ್ರತ್ಯೇಕ ಬಾಗಿಲು, ಶೌಚಾಲಯದ ಚಿಲಕ, ವಧುವಿನ ಕೋಣೆಯ ಬೀಗ, ವಝೂ ಮಾಡುವ ಜಾಗ ಗಂಡಸರ ಕಣ್ಣಿಗೆ ಬೀಳುವುದಿಲ್ಲ. ತುರ್ತು ಬಾಗಿಲಿಗೆ ಬೀಗ ಹಾಕಿದ್ದರೆ ಅಥವಾ ಅದರ ಮುಂದೆ ಕುರ್ಚಿ ಪೇರಿಸಿದ್ದರೆ ಅಂದು ಅದನ್ನು ತೆರವು ಮಾಡಿಸುವವರು ಯಾರು ಎಂದು ಕೇಳಿ.

ಊಟದ ಲೆಕ್ಕ

“ಸಾವಿರ ಜನ ಹಿಡಿಯುತ್ತದೆ” ಎಂಬ ಮಾತು ವೇದಿಕೆಯ ಮುಂದಿನ ಕುರ್ಚಿಗಳ ಲೆಕ್ಕ. ನಮಗೆ ಬೇಕಾದದ್ದು ಊಟದ ಕೋಣೆಯ ಲೆಕ್ಕ. ನಮ್ಮ ಅತಿಥಿಗಳು 800. ಗಂಡಸರ, ಹೆಂಗಸರ ಎರಡೂ ಕಡೆ ಸೇರಿ ಒಂದು ಬ್ಯಾಚ್‌ಗೆ ಕೂರುವವರು 200. ಬಡಿಸಿ, ಉಂಡು, ಮೇಜು ಒರೆಸಲು 40 ನಿಮಿಷ. ಅಂದರೆ ನಾಲ್ಕು ಬ್ಯಾಚ್‌ಗೆ 2 ಗಂಟೆ 40 ನಿಮಿಷ. ಝುಹರ್ ನಮಾಝ್ ಬಳಿಕ ನಿಕಾಹ್ ಮುಗಿದು ಊಟ ಶುರುವಾದದ್ದು ಎರಡೂವರೆಗೆ. ಮುಗಿಯುವಾಗ ಐದು ದಾಟಿತ್ತು. ಪಾತ್ರೆ ತುಂಬಿ ಹೊರಬರುವಾಗ ಆರು. ಮಹಲ್ ಬಿಡಬೇಕಾಗಿದ್ದದ್ದು ನಾಲ್ಕಕ್ಕೆ! ಈ ಗುಣಾಕಾರವನ್ನು ಮೊದಲೇ ಮಾಡಿದ್ದರೆ ಆರರವರೆಗಿನ ಸಮಯವನ್ನು ಬಾಡಿಗೆಯಲ್ಲೇ ಸೇರಿಸಿ ಮಾತಾಡುತ್ತಿದ್ದೆವು.

ಅಡುಗೆಯ ವಿಷಯ ಇನ್ನೂ ಮುಖ್ಯ. ಕೆಲವು ಮಹಲ್‌ಗಳಲ್ಲಿ ಮಾಂಸದ ಅಡುಗೆಗೆ ಅನುಮತಿಯೇ ಇಲ್ಲ. ಕೆಲವೆಡೆ ಹೊರಗೆ ಬೇಯಿಸಿ ತಂದು ಬಡಿಸಬಹುದು, ಕೆಲವೆಡೆ ಅವರು ಹೇಳಿದ ಬಾವರ್ಚಿಯನ್ನೇ ಕರೆಯಬೇಕು. “ಬಿರಿಯಾನಿ ಇಲ್ಲೇ ಬೇಯಿಸಬಹುದೇ? ಹಿಂದಿನ ರಾತ್ರಿ ಎಷ್ಟು ಗಂಟೆಗೆ ಡೇಗ್ ಇಳಿಸಬಹುದು? ಎಲುಬು, ಎಂಜಲೆಲೆ ಸಾಗಿಸುವವರು ಯಾರು?” ಈ ಮೂರಕ್ಕೂ ಉತ್ತರ ಬರವಣಿಗೆಯಲ್ಲಿರಲಿ.

ರಸೀದಿಯ ಹಿಂಬದಿ

ಬಾಡಿಗೆ ಎಷ್ಟು ಎಂದು ಕೇಳಬೇಡಿ. ಬೀಗ ವಾಪಸ್ ಕೊಡುವಾಗ ಒಟ್ಟು ಎಷ್ಟಾಗುತ್ತದೆ ಎಂದು ಕೇಳಿ. ಜಿಎಸ್‌ಟಿ ಕೇಳಿದರೆ ಅದರ ನೋಂದಣಿ ಸಂಖ್ಯೆ ಇರುವ ಬಿಲ್ ಕೇಳಿ. ನೋಂದಣಿ ಇಲ್ಲದವರು ಆ ತೆರಿಗೆ ವಸೂಲಿ ಮಾಡುವಂತಿಲ್ಲ. ವಿದ್ಯುತ್ ಮತ್ತು ಜನರೇಟರ್ ಮೀಟರ್‌ಗಳ ಅಂಕಿಯನ್ನು ಬೀಗ ಪಡೆಯುವಾಗ ಒಮ್ಮೆ, ಕೊಡುವಾಗ ಒಮ್ಮೆ ಮ್ಯಾನೇಜರ್ ಎದುರಲ್ಲೇ ಫೋಟೊ ತೆಗೆಯಿರಿ. ಒಡೆದ ಕುರ್ಚಿ, ಬಿರುಕು ಬಿಟ್ಟ ಕನ್ನಡಿಗಳದ್ದೂ ಹಾಗೆಯೇ. ಇಲ್ಲವಾದರೆ ಅವು ನಿಮ್ಮ ಠೇವಣಿಯಿಂದ ಕಡಿತವಾಗುತ್ತವೆ. ಠೇವಣಿ ಎಷ್ಟು ದಿನದೊಳಗೆ ವಾಪಸ್ ಎಂಬುದೂ ಬರೆದಿರಲಿ.

“ಮುಂಗಡ ವಾಪಸ್ ಇಲ್ಲ” ಎಂಬ ಸಾಲಿನ ಮುಂದೆ ನಿಲ್ಲಿ. ಮನೆಯಲ್ಲಿ ಸಾವು ಸಂಭವಿಸಬಹುದು, ವಿದೇಶದಲ್ಲಿರುವ ವರನಿಗೆ ರಜೆ ಸಿಗದಿರಬಹುದು. ಶವ್ವಾಲ್‌ನ ಮೊದಲ ವಾರದ ಮದುವೆಯಾದರೆ ಚಂದ್ರದರ್ಶನದಿಂದ ಈದ್ ಒಂದು ದಿನ ಆಚೀಚೆ ಆಗಬಹುದು. ಆದ್ದರಿಂದ ಎರಡು ಮಾತು ಸೇರಿಸಲು ಕೇಳಿ: ದಿನ ಖಾಲಿ ಇದ್ದರೆ ಒಮ್ಮೆ ದಿನಾಂಕ ಬದಲಿಸಬಹುದು, ನಾವು ಬಿಟ್ಟ ದಿನ ಬೇರೆಯವರಿಗೆ ಬಾಡಿಗೆಗೆ ಹೋದರೆ ಮುಂಗಡ ವಾಪಸ್. ಮಹಲ್‌ನವರೇ ರದ್ದು ಮಾಡಿದರೆ ಏನು ಕೊಡುತ್ತಾರೆ ಎಂಬುದೂ ಇರಲಿ. ಹೆಚ್ಚಿನ ರಸೀದಿಗಳು ಈ ಬಗ್ಗೆ ಮೌನವಾಗಿರುತ್ತವೆ. ಒಪ್ಪದಿದ್ದರೆ ಮುಂಗಡವನ್ನಾದರೂ ಕಡಿಮೆ ಕೊಡಿ.

ಹಣವನ್ನು ಬ್ಯಾಂಕ್ ಮೂಲಕ ಮಹಲ್ ಹೆಸರಿನ ಖಾತೆಗೇ ಹಾಕಿ. ರಸೀದಿಯಲ್ಲಿ ದಿನಾಂಕದ ಜೊತೆ ವಾರ, ಬೀಗ ಕೊಡುವ ಮತ್ತು ಬಿಡುವ ಗಂಟೆ, ಒಪ್ಪಿದ ಮಾತುಗಳು, ಸಹಿ ಇರಲಿ. ಬಾಯಿಮಾತಿನಲ್ಲಿ ಒಪ್ಪಿದ್ದನ್ನು ಅದೇ ಹಾಳೆಯ ಮೇಲೆ ಪೆನ್ನಿನಿಂದ ಬರೆಸಿದರೂ ಸಾಕು.

ಪರಿಚಿತರ ಮಹಲ್, ಜಮಾಅತ್‌ನವರದೇ ಮಹಲ್, ಬರೆಸಿಕೊಳ್ಳುವುದು ಹೇಗೆ ಎಂಬ ಸಂಕೋಚ ನಮಗೂ ಇತ್ತು. ಆದರೆ ಅವಧಿ ಇಟ್ಟು ಮಾಡುವ ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಸೂರಃ ಅಲ್ ಬಕರಃದ 282ನೇ ವಚನ ಕಲಿಸುವುದು ಪರಿಚಿತರನ್ನು ಬಿಟ್ಟು ಅಲ್ಲ. ಬರೆದಿಟ್ಟಿದ್ದರೆ ಆ ಸಂಜೆ ನಾವು ಮ್ಯಾನೇಜರ್ ಜೊತೆ ಜಗಳವಾಡುತ್ತಾ ನಿಲ್ಲುತ್ತಿರಲಿಲ್ಲ. ಮಗಳನ್ನು ಬೀಳ್ಕೊಡುವಾಗ ಅವಳ ಬಳಿ ಇರುತ್ತಿದ್ದೆವು.