ಭತ್ತದ ಗದ್ದೆಯ ಮೀಥೇನ್: ನೀರು ಕಟ್ಟಿ ಆರಿಸುವ ಕ್ರಮ

(ಹವಾಮಾನ ವಿಚಾರ ಸಂಕಿರಣಕ್ಕಾಗಿ ಗ್ರಾಮ ಪಂಚಾಯಿತಿಯ ಮಾನ್ಯ ಸದಸ್ಯರಿಗೆ ವಿವರಣಾ ಲೇಖನ)

ಗದ್ದೆಯಲ್ಲಿ ಸದಾ ನೀರು ನಿಂತಿದ್ದರೆ ಮಣ್ಣಿಗೆ ಗಾಳಿ ತಲುಪುವುದಿಲ್ಲ. ಗಾಳಿಯಿಲ್ಲದ ಕೆಸರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಕೊಳೆಯುತ್ತಿರುವ ಕೂಳೆ, ಹಸಿರೆಲೆ ಗೊಬ್ಬರಗಳಿಂದ ಮೀಥೇನ್ ಅನಿಲವನ್ನು ಉತ್ಪಾದಿಸುತ್ತವೆ. ಇದರ ಬಹುಪಾಲು ಹೊರಬರುವುದು ನೀರಿನ ಗುಳ್ಳೆಗಳಿಂದಲ್ಲ, ಭತ್ತದ ಪೈರಿನ ಟೊಳ್ಳಾದ ಒಳದಾರಿಯ ಮೂಲಕವೇ. ಮಣ್ಣು ಕೆಲವು ದಿನ ಗಾಳಿ ಕಂಡರೆ ಆ ಜೀವಿಗಳ ಕೆಲಸ ನಿಲ್ಲುತ್ತದೆ. ನೀರು ಕಟ್ಟಿ ಆರಿಸುವ ಕ್ರಮಕ್ಕೆ ಇದೇ ಆಧಾರ.

ಇದಕ್ಕೆ ಬೇಕಾದ ಉಪಕರಣ 30 ಸೆಂ.ಮೀ. ಉದ್ದದ ಒಂದು ಪಿವಿಸಿ ಕೊಳವೆ ಮಾತ್ರ. ಅದರ ಕೆಳಗಿನ ಅರ್ಧಕ್ಕೆ ಸುತ್ತಲೂ ರಂಧ್ರ ಕೊರೆದು, ಆ ಭಾಗವನ್ನು ಗದ್ದೆಯಲ್ಲಿ ಹೂತು, ಒಳಗಿನ ಮಣ್ಣನ್ನು ತೆಗೆಯಬೇಕು. ನಾಟಿಯಾದ ಒಂದೆರಡು ವಾರಗಳ ನಂತರ ನೀರು ತಾನಾಗಿ ಇಳಿಯಲು ಬಿಟ್ಟು, ಕೊಳವೆಯಲ್ಲಿ ಅದು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ 5 ಸೆಂ.ಮೀ. ನಿಲ್ಲುವಂತೆ ಮತ್ತೆ ಹಾಯಿಸಬೇಕು. ಮೇಲ್ಮಣ್ಣು ಒಣಗಿದಂತೆ ಕಂಡರೂ ಬೇರಿಗೆ ಆಗ ತೇವವಿರುತ್ತದೆ. ಹೂ ಬಿಡುವ ಹಿಂದಿನ ಮತ್ತು ಮುಂದಿನ ಒಂದೊಂದು ವಾರ ಮಾತ್ರ ಗದ್ದೆ ಆರಬಾರದು. ಆಗ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ.

ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ 2019ರಲ್ಲಿ ನೀಡಿದ ದಕ್ಷಿಣ ಏಷ್ಯಾದ ಸರಾಸರಿಯಂತೆ ಲೆಕ್ಕ ಹಾಕಿದರೆ, 100 ದಿನ ನೀರು ನಿಂತ ಒಂದು ಎಕರೆಯಿಂದ ಸುಮಾರು 34 ಕೆ.ಜಿ. ಮೀಥೇನ್ ಹೊರಡುತ್ತದೆ. ಹಲವು ಬಾರಿ ಆರಿಸಿದರೆ ಅದು ಸುಮಾರು 19 ಕೆ.ಜಿ.ಗೆ ಇಳಿಯುತ್ತದೆ. ಉಳಿದ 15 ಕೆ.ಜಿ. ತಾಪಮಾನದ ದೃಷ್ಟಿಯಿಂದ ಸುಮಾರು ನಾಲ್ಕು ಕ್ವಿಂಟಾಲ್ ಇಂಗಾಲದ ಡೈಆಕ್ಸೈಡಿಗೆ ಸಮ. ಆದರೆ ಮಣ್ಣು ಆರಿ ನೆನೆಯುವಾಗ ಯೂರಿಯಾ ಹೆಚ್ಚಿದ್ದರೆ ನೈಟ್ರಸ್ ಆಕ್ಸೈಡ್ ಎಂಬ ಇನ್ನೂ ಪ್ರಬಲ ಅನಿಲ ಹೆಚ್ಚಿ, ಲಾಭದ ಒಂದು ಭಾಗ ಕಳೆಯುತ್ತದೆ. ಕಳೆಯೂ ಹೆಚ್ಚುವುದರಿಂದ ಮೊದಲ ವಾರಗಳಲ್ಲೇ ಅದನ್ನು ತೆಗೆಸಬೇಕು.

ನಿಜವಾದ ತೊಡಕು ಕಾಲುವೆಯಲ್ಲಿದೆ. ಸ್ವಂತ ಕೊಳವೆಬಾವಿಯುಳ್ಳವರು ಬೇಕಾದ ದಿನ ನೀರು ಹಾಯಿಸಬಲ್ಲರು. ತುಂಗಭದ್ರಾ ಎಡದಂಡೆಯಂತಹ ಅಚ್ಚುಕಟ್ಟಿನಲ್ಲಿ ರೈತನು ಸರದಿಗೆ ಕಾಯಬೇಕು. ಮುಂದಿನ ಸರದಿ ಖಚಿತವಿಲ್ಲದಿದ್ದರೆ ಸಿಕ್ಕಾಗಲೇ ಗದ್ದೆ ತುಂಬಿಸಿಡುತ್ತಾನೆ. ಅದನ್ನು ಅವನ ಹಟವೆನ್ನಲಾಗದು. ಗದ್ದೆಯಿಂದ ಗದ್ದೆಗೆ ನೀರು ಹರಿಯುವಲ್ಲಿ ಒಬ್ಬನೇ ಆರಿಸುವುದೂ ಸಾಧ್ಯವಿಲ್ಲ.

ಆದ್ದರಿಂದ ಮೊದಲು ಒಂದು ತೂಬಿನ ಕೆಳಗಿನ ನಾಲ್ಕೈದು ಗದ್ದೆಗಳಲ್ಲಿ ಕೊಳವೆ ಹೂಳಿಸಿ, ನೀರು 15 ಸೆಂ.ಮೀ. ಇಳಿಯಲು ಎಷ್ಟು ದಿನ ಬೇಕೆಂದು ಬರೆದಿಡುವುದು ಸೂಕ್ತ. ಉದಾಹರಣೆಗೆ ನೀರು ಎಂಟು ದಿನಕ್ಕೆ ಇಳಿದು, ಸರದಿ ಏಳು ದಿನಕ್ಕೊಮ್ಮೆ ಬರುವುದಾದರೆ ಕ್ರಮ ಹೊಂದುತ್ತದೆ. ನಾಲ್ಕು ದಿನಕ್ಕೇ ಇಳಿದು ಸರದಿ ಹತ್ತು ದಿನಕ್ಕಿದ್ದರೆ ಪೈರು ಒಣಗುತ್ತದೆ; ಕಪ್ಪು ಮಣ್ಣಾದರೆ ಆಳವಾಗಿ ಬಿರಿದು, ನಂತರ ಹಾಯಿಸಿದ ನೀರು ಬಿರುಕಿಗಿಳಿದು ವ್ಯರ್ಥವಾಗುತ್ತದೆ. ಈ ದಿನಗಳ ಲೆಕ್ಕವನ್ನು ನೀರು ಬಳಕೆದಾರರ ಸಂಘ ಮತ್ತು ನೀರಗಂಟಿಯ ಮುಂದಿಟ್ಟು, ಸರದಿ ಬದಲಿಸಬಹುದೇ ಎಂದು ನಾಟಿಗೆ ಮೊದಲೇ ತೀರ್ಮಾನಿಸಬೇಕು. ಬದಲಿಸಲಾಗದಿದ್ದರೆ ಆ ತೂಬಿನಲ್ಲಿ ಈ ಕ್ರಮವನ್ನು ಕೈಗೊಳ್ಳದಿರುವುದೇ ಲೇಸು.