ಬಸ್ಸಿಗೆ ಬಣ್ಣ ಬಳಿದರೆ ಕಾರು ಬಿಡುತ್ತಾರೆಯೇ?

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ 1972ರಲ್ಲಿ ‘ಬಾರ್ಟ್’ ರೈಲು ಶುರುವಾಯಿತು. ಶೇ. 15ರಷ್ಟು ಪ್ರಯಾಣಿಕರು ಅದನ್ನು ಹತ್ತುತ್ತಾರೆಂಬುದು ಅಧಿಕೃತ ಅಂದಾಜು. ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್ ತಂಡದ ಲೆಕ್ಕ ಶೇ. 6.3. ಕೊನೆಗೆ ಹತ್ತಿದವರು ಶೇ. 6.2!

ಈ ಲೆಕ್ಕದ ಹಿಂದಿದ್ದದ್ದು ‘ಮಲ್ಟಿನಾಮಿಯಲ್ ಲಾಜಿಟ್’ ಎಂಬ ಮಾದರಿ. ತಗಲುವ ಸಮಯ, ಖರ್ಚು, ಕಾಯುವಿಕೆ ಇವುಗಳಿಂದ ಪ್ರತಿ ವಾಹನಕ್ಕೂ ಒಂದು ಅಂಕ V ಸಿಗುತ್ತದೆ. ಒಂದು ವಾಹನದ eⱽ ಅನ್ನು ಎಲ್ಲ ವಾಹನಗಳ eⱽ ಮೊತ್ತದಿಂದ ಭಾಗಿಸಿದರೆ, ಅದನ್ನು ಆರಿಸಿಕೊಳ್ಳುವ ಸಂಭವನೀಯತೆ ಬರುತ್ತದೆ.

ತೊಡಕಿರುವುದೂ ಇಲ್ಲೇ.

ಒಂದು ಊರಿನ ನೂರು ಜನರಲ್ಲಿ 50 ಮಂದಿ ಕಾರಿನಲ್ಲಿ, 50 ಮಂದಿ ಕೆಂಪು ಬಸ್ಸಿನಲ್ಲಿ ಹೋಗುತ್ತಾರೆ ಎನ್ನೋಣ. ಅದೇ ದಾರಿ, ಅದೇ ದರ, ಅದೇ ವೇಳೆಯ ನೀಲಿ ಬಸ್ಸೊಂದು ಬಂತು. ಕಾರಿಗೂ ಕೆಂಪು ಬಸ್ಸಿಗೂ ಇರುವ ಅನುಪಾತ, ಮೂರನೆಯ ವಾಹನ ಬಂದರೂ ಕದಲದು ಎಂಬುದು ಈ ಮಾದರಿಯ ನಿಯಮ. ಹಾಗಾಗಿ ಅದು ಮೂರಕ್ಕೂ ತಲಾ 33 ಮಂದಿಯನ್ನು ಹಂಚುತ್ತದೆ. ಬರೀ ಬಣ್ಣ ನೋಡಿ ಸುಮಾರು 17 ಮಂದಿ ಕಾರು ಬಿಟ್ಟರು ಎಂದಂತಾಯಿತು! ನಿಜದಲ್ಲಿ ಕಾರಿನವರು 50 ಮಂದಿಯೇ ಇರುತ್ತಾರೆ. ಬಸ್ಸಿನವರು ಮಾತ್ರ 25–25 ಆಗಿ ಒಡೆಯುತ್ತಾರೆ.

ಇದನ್ನು ಪತ್ತೆಹಚ್ಚಲು ಒಂದು ಆಯ್ಕೆಯನ್ನು ಕೈಬಿಟ್ಟು ಮತ್ತೆ ಲೆಕ್ಕ ಹಾಕುತ್ತಾರೆ. ಸಮಯ, ಖರ್ಚುಗಳಿಗೆ ಸಿಕ್ಕ ತೂಕ ಬಹಳ ಬದಲಾದರೆ ನಿಯಮ ಮುರಿದಿದೆ ಎಂದರ್ಥ. ಆಗ ‘ನೆಸ್ಟೆಡ್ ಲಾಜಿಟ್’ ಬಳಸುತ್ತಾರೆ: ಒಂದೇ ಬಗೆಯ ಬಸ್ಸುಗಳನ್ನು ಒಂದು ಗುಂಪಿಗೆ ಸೇರಿಸಿ, ಮೊದಲು ಕಾರೋ ಬಸ್ಸೋ, ಆಮೇಲೆ ಯಾವ ಬಸ್ಸು ಎಂದು ಲೆಕ್ಕಿಸುತ್ತಾರೆ. ಯಾವುದನ್ನು ಯಾವ ಗುಂಪಿಗೆ ಹಾಕಬೇಕೆಂಬ ತೀರ್ಮಾನ ಮಾತ್ರ ಲೆಕ್ಕ ಹಾಕುವವರದ್ದೇ.

ಆಯ್ಕೆಗಳ ವಿಶ್ಲೇಷಣೆಗಾಗಿ ಮೆಕ್‌ಫ್ಯಾಡನ್‌ಗೆ 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಂದಿತು.