ಯಾವ ತಾರೀಖು, ಯಾವ ವಾರ?

ಗಣಿತಜ್ಞ ಜಾನ್ ಕಾನ್ವೇ ಅವರ ಕಂಪ್ಯೂಟರ್ ಅವರನ್ನು ಸುಲಭವಾಗಿ ಒಳಗೆ ಬಿಡುತ್ತಿರಲಿಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಲಾಗಿನ್ ಆಗುವಾಗಲೆಲ್ಲ ಅದು ಮನಸ್ಸಿಗೆ ಬಂದ ತಾರೀಖುಗಳನ್ನು ಒಡ್ಡಿ ಅವು ಯಾವ ವಾರ ಎಂದು ಕೇಳುತ್ತಿತ್ತು. ಹಾಗೆ ಕೇಳುವಂತೆ ಮಾಡಿಸಿಕೊಂಡವರು ಕಾನ್ವೇ ಅವರೇ. ಪಳಗಿದ ಮೇಲೆ ಎರಡು ಸೆಕೆಂಡಿನೊಳಗೆ ಅವರ ಉತ್ತರ ಸಿದ್ಧವಾಗಿರುತ್ತಿತ್ತು.

ಈ ವೇಗದ ಹಿಂದೆ ಇದ್ದದ್ದು 1973ರಲ್ಲಿ ಅವರೇ ರೂಪಿಸಿದ ಒಂದು ಲೆಕ್ಕ. ‘ಆಲಿಸ್’ ಕಥೆಗಳ ಲೇಖಕ ಲೂಯಿಸ್ ಕ್ಯಾರೋಲ್ 1887ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಾರ ಕಂಡುಹಿಡಿಯುವ ವಿಧಾನವೊಂದನ್ನು ಪ್ರಕಟಿಸಿದ್ದರು. ಅದರಿಂದ ಪ್ರೇರಣೆ ಪಡೆದು ಕಾನ್ವೇ ಇನ್ನೂ ಸರಳವಾದ ದಾರಿ ಹುಡುಕಿದರು, ಅದಕ್ಕೆ ಡೂಮ್ಸ್‌ಡೇ ವಿಧಾನ ಎಂದು ಹೆಸರಿಟ್ಟರು. ಅಸಾಧಾರಣ ನೆನಪಿನ ಶಕ್ತಿಯೇನೂ ಇದಕ್ಕೆ ಬೇಕಿಲ್ಲ. ಹನ್ನೆರಡರ ಮಗ್ಗಿ ಬಂದರೆ ಸಾಕು.

ವಿಧಾನದ ಜೀವಾಳ ಒಂದು ಸೊಗಸಾದ ಸಂಗತಿಯಲ್ಲಿದೆ. ಏಪ್ರಿಲ್ 4ರಿಂದ ಜೂನ್ 6ಕ್ಕೆ 63 ದಿನ. ಜೂನ್ 6ರಿಂದ ಆಗಸ್ಟ್ 8ಕ್ಕೂ 63. ಅಲ್ಲಿಂದ ಅಕ್ಟೋಬರ್ 10ಕ್ಕೆ, ಮತ್ತೆ ಡಿಸೆಂಬರ್ 12ಕ್ಕೆ, ಪ್ರತಿ ಸಲವೂ ಅಷ್ಟೇ. 63 ದಿನವೆಂದರೆ ಸರಿಯಾಗಿ ಒಂಬತ್ತು ವಾರ. ಆದ್ದರಿಂದ 4/4, 6/6, 8/8, 10/10, 12/12 ಈ ಐದೂ ದಿನಗಳು ಯಾವುದೇ ವರ್ಷದಲ್ಲಿ ಒಂದೇ ವಾರ ಬೀಳುತ್ತವೆ. ಆ ವಾರವೇ ಆ ವರ್ಷದ ಡೂಮ್ಸ್‌ಡೇ. 2026ಕ್ಕೆ ಅದು ಶನಿವಾರ.

ಮೇ, ಜುಲೈ, ಸೆಪ್ಟೆಂಬರ್, ನವೆಂಬರ್ ತಿಂಗಳುಗಳಿಗೆ ಎರಡು ಜೋಡಿ ಅಂಕಿಗಳನ್ನು ನೆನಪಿಟ್ಟರಾಯಿತು: 9 ಮತ್ತು 5, 7 ಮತ್ತು 11. ಮೇ 9, ಸೆಪ್ಟೆಂಬರ್ 5, ಜುಲೈ 11, ನವೆಂಬರ್ 7 ಇವೂ ಅದೇ ವಾರವೇ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ನಾವು ದಿನವನ್ನು. ಇಲ್ಲಿ ಅಂಕಿಗಳನ್ನು ಹಿಂದುಮುಂದು ಮಾಡಿದರೂ ಸರಿಹೋಗುವುದರಿಂದ ಆ ಗೊಂದಲವೇ ಇಲ್ಲ. ಮಾರ್ಚ್‌ಗೆ 7 ಅಥವಾ 14, ಫೆಬ್ರವರಿಗೆ ಅದರ ಕೊನೆಯ ದಿನ. ಜನವರಿಗೆ ಸಾಮಾನ್ಯ ವರ್ಷದಲ್ಲಿ 3, ಅಧಿಕ ವರ್ಷದಲ್ಲಿ 4.

ಇನ್ನು ಉಳಿದದ್ದು ಬೇಕಾದ ವರ್ಷದ ಡೂಮ್ಸ್‌ಡೇ ಯಾವುದೆಂದು ಕಂಡುಕೊಳ್ಳುವುದು. ಇದಕ್ಕೆ ಶತಮಾನದ ವಾರ ಬೇಕು. 1900ರಿಂದ 1999ರವರೆಗಿನ ವರ್ಷಗಳಿಗೆ ಬುಧವಾರ, 2000ದಿಂದ 2099ಕ್ಕೆ ಮಂಗಳವಾರ. ಇವೆರಡು ಬಾಯಿಗೆ ಬಂದರೆ ನಮಗೆ ಬೇಕಾಗುವ ಬಹುತೇಕ ತಾರೀಖುಗಳು ಕೈಗೆ ಸಿಕ್ಕಂತೆ. ಆಮೇಲೆ ವರ್ಷದ ಕೊನೆಯ ಎರಡು ಅಂಕಿಗಳನ್ನು ತೆಗೆದುಕೊಂಡು, ಅದರಲ್ಲಿ ಎಷ್ಟು ಹನ್ನೆರಡುಗಳಿವೆ, ಮಿಕ್ಕಿದ್ದು ಎಷ್ಟು, ಆ ಮಿಕ್ಕಿದ್ದರಲ್ಲಿ ಎಷ್ಟು ನಾಲ್ಕುಗಳಿವೆ ಎಂದು ನೋಡಬೇಕು. ಈ ಮೂರನ್ನೂ ಕೂಡಿ, ಏಳರ ಗುಂಪುಗಳನ್ನು ಕಳೆದು, ಉಳಿದಷ್ಟು ದಿನ ಶತಮಾನದ ವಾರದಿಂದ ಮುಂದಕ್ಕೆ ಎಣಿಸಬೇಕು.

ಮೈಸೂರು ರಾಜ್ಯ ಏಕೀಕರಣಗೊಂಡ 1956ರ ನವೆಂಬರ್ 1ನ್ನೇ ನೋಡೋಣ. 56ರಲ್ಲಿ ನಾಲ್ಕು ಹನ್ನೆರಡು, ಮಿಕ್ಕಿದ್ದು ಎಂಟು, ಎಂಟರಲ್ಲಿ ಎರಡು ನಾಲ್ಕು. ನಾಲ್ಕು, ಎಂಟು, ಎರಡು ಕೂಡಿದರೆ 14. ಏಳರ ಗುಂಪು ಕಳೆದರೆ ಏನೂ ಉಳಿಯುವುದಿಲ್ಲ. ಹಾಗಾಗಿ ಆ ವರ್ಷದ ಡೂಮ್ಸ್‌ಡೇ ಬುಧವಾರವೇ. ನವೆಂಬರ್ 7 ಬುಧವಾರವಾದರೆ ಅಕ್ಟೋಬರ್ 31 ಕೂಡ ಬುಧವಾರ, ಅದರ ಮರುದಿನ ನವೆಂಬರ್ 1 ಗುರುವಾರ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ 1973ರ ನವೆಂಬರ್ 1ಕ್ಕೆ ಇದೇ ಲೆಕ್ಕ ಮಾಡಿದರೆ ಆರು, ಒಂದು, ಸೊನ್ನೆ ಸೇರಿ ಏಳು. ಅಂದರೆ ಮತ್ತೆ ಬುಧವಾರದ ವರ್ಷ, ಮತ್ತೆ ಗುರುವಾರದ ರಾಜ್ಯೋತ್ಸವ!

ಹನ್ನೆರಡಕ್ಕೇ ಏಕೆ ಈ ಮರ್ಯಾದೆ? ಸಾಮಾನ್ಯ ವರ್ಷದಲ್ಲಿ 52 ವಾರಗಳ ಮೇಲೆ ಒಂದು ದಿನ ಹೆಚ್ಚಿರುತ್ತದೆ, ಹಾಗಾಗಿ ವರ್ಷ ಕಳೆದಂತೆ ವಾರ ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಅಧಿಕ ದಿನದಿಂದಾಗಿ ಇನ್ನೊಂದು ಹೆಜ್ಜೆ. ಹನ್ನೆರಡು ವರ್ಷಕ್ಕೆ ಹನ್ನೆರಡು ಮತ್ತು ಮೂರು ಸೇರಿ 15 ಹೆಜ್ಜೆ. ಎರಡು ವಾರ ಕಳೆದರೆ ಒಂದೇ ಹೆಜ್ಜೆ ಉಳಿಯಿತು. ಒಂದು ಹನ್ನೆರಡಕ್ಕೆ ಒಂದು ದಿನ ಎಂಬ ಈ ಅಚ್ಚುಕಟ್ಟೇ ಲೆಕ್ಕವನ್ನು ಬಾಯಿಲೆಕ್ಕವಾಗಿಸಿದೆ.

ಕಲಿಯುವವರು ಹೆಚ್ಚಾಗಿ ಎಡವುವುದು ಜನವರಿ, ಫೆಬ್ರವರಿಗಳಲ್ಲಿ. ಗಾಂಧೀಜಿ ಹತ್ಯೆಯಾದ 1948ರ ಜನವರಿ 30ನ್ನು ತೆಗೆದುಕೊಳ್ಳಿ. 48ರಲ್ಲಿ ನಾಲ್ಕು ಹನ್ನೆರಡು, ಮಿಕ್ಕಿದ್ದು ಏನೂ ಇಲ್ಲ. ಬುಧವಾರದಿಂದ ನಾಲ್ಕು ದಿನ ಮುಂದೆ ಹೋದರೆ ಭಾನುವಾರ. 1948 ಅಧಿಕ ವರ್ಷ, ಆದ್ದರಿಂದ ಜನವರಿ 4 ಭಾನುವಾರ, 25 ಕೂಡ ಭಾನುವಾರ, 30 ಶುಕ್ರವಾರ. ಅಧಿಕ ವರ್ಷವೆಂಬುದನ್ನು ಮರೆತು ಜನವರಿ 3ರಿಂದ ಎಣಿಸಿದರೆ ಶನಿವಾರ ಬರುತ್ತದೆ. ವರ್ಷದ ಮೊದಲೆರಡು ತಿಂಗಳಲ್ಲಿ ಉತ್ತರ ಸರಿಯಾಗಿ ಒಂದು ದಿನ ತಪ್ಪಿದರೆ ಮೊದಲು ಇದನ್ನೇ ಅನುಮಾನಿಸಬೇಕು. ಬೇರೆ ತಿಂಗಳಲ್ಲಿ ತಪ್ಪಿದರೆ ಸಾಮಾನ್ಯವಾಗಿ ಮೂರನೆಯ ಸಂಖ್ಯೆ, ಅಂದರೆ ಮಿಕ್ಕಿದ್ದರಲ್ಲಿರುವ ನಾಲ್ಕುಗಳ ಎಣಿಕೆ, ಬಿಟ್ಟುಹೋಗಿರುತ್ತದೆ. ನಮಗೆ ಸ್ವಾತಂತ್ರ್ಯ ಬಂದ 1947ರ ಆಗಸ್ಟ್ 15 ಶುಕ್ರವಾರವೆಂದು ಎಲ್ಲರಿಗೂ ಗೊತ್ತು. ಅಭ್ಯಾಸಕ್ಕೆ ಅದನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳುವುದು ಒಳ್ಳೆಯದು: ಮೂರು, ಹನ್ನೊಂದು, ಎರಡು ಸೇರಿ 16, ಏಳರ ಗುಂಪು ಕಳೆದರೆ ಎರಡು. ಬುಧವಾರದಿಂದ ಎರಡು ದಿನ ಮುಂದೆ ಶುಕ್ರವಾರ. ಆಗಸ್ಟ್ 8 ಶುಕ್ರವಾರವಾದರೆ 15 ಕೂಡ ಅದೇ.

ಹಿಂದಿನ ಶತಮಾನಗಳಿಗೂ ಹೋಗಬಹುದು. 1800ರ ದಶಕಗಳಿಗೆಲ್ಲ ಶುಕ್ರವಾರ, 1700ರವಕ್ಕೆ ಭಾನುವಾರ. ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4ರಂದು. 99ರಲ್ಲಿ ಎಂಟು ಹನ್ನೆರಡು, ಮಿಕ್ಕಿದ್ದು ಮೂರು, ಅದರಲ್ಲಿ ನಾಲ್ಕುಗಳಿಲ್ಲ. ಒಟ್ಟು 11, ಏಳು ಕಳೆದರೆ ನಾಲ್ಕು. ಭಾನುವಾರದಿಂದ ನಾಲ್ಕು ದಿನ ಮುಂದೆ ಗುರುವಾರ. ಮೇ 9 ಗುರುವಾರವಾದರೆ ಐದು ದಿನ ಹಿಂದಿನ ಮೇ 4 ಶನಿವಾರ.

ಇನ್ನೂ ಹಿಂದೆ ಹೋದರೆ ಮಾತ್ರ ಎಚ್ಚರ ಬೇಕು. ಈ ವಿಧಾನ ಇಂದಿನ ಗ್ರೆಗೋರಿಯನ್ ಕ್ಯಾಲೆಂಡರಿಗೆ ಮಾತ್ರ ಸಲ್ಲುತ್ತದೆ. ಪೋರ್ಚುಗೀಸರು ಅದನ್ನು 1582ರಲ್ಲೇ ಒಪ್ಪಿಕೊಂಡರೆ ಬ್ರಿಟಿಷರು 1752ರವರೆಗೆ ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಹಿಡಿದಿದ್ದರು. ಆ ವರ್ಷ ಅವರಿಗೆ ಸೆಪ್ಟೆಂಬರ್ 2 ಬುಧವಾರ ಮುಗಿದ ಮರುದಿನ ಸೆಪ್ಟೆಂಬರ್ 14 ಗುರುವಾರವಾಯಿತು. ವಿಜಯನಗರದ ಸೋಲಿಗೆ ಚರಿತ್ರೆಯ ಪುಸ್ತಕಗಳು ಕೊಡುವ ತಾರೀಖು 1565ರ ಜನವರಿ 23. ಅದನ್ನು ಕಾನ್ವೇ ಲೆಕ್ಕಕ್ಕೆ ಹಾಕಿದರೆ ಶನಿವಾರ ಬರುತ್ತದೆ. ಆದರೆ ಅದು ಜೂಲಿಯನ್ ತಾರೀಖು, ಇಂದಿನ ಕ್ಯಾಲೆಂಡರಿಗೆ ತಂದರೆ ಫೆಬ್ರವರಿ 2, ಮಂಗಳವಾರ. ಹಳೆಯ ಕಾಗದಪತ್ರದ ತಾರೀಖೊಂದಕ್ಕೆ ವಾರ ಹುಡುಕುವವರು ಬೆರಳು ಮಡಿಸುವ ಮುನ್ನ ಅದನ್ನು ಬರೆದವರು ಯಾವ ಕ್ಯಾಲೆಂಡರ್ ಬಳಸುತ್ತಿದ್ದರು ಎಂದು ವಿಚಾರಿಸಿಕೊಳ್ಳಬೇಕು.